ದಿನಕ್ಕೊಂದು ಷಟ್ಪದಿ ಸರಣಿಗೆ ವಾರದ ಟೆಂಪ್ಲೇಟ್

"ನಮ್ಮ ವಾಚನಾಲಯದ ವಾಟ್ಸಾಪ್ ಗುಂಪಿಗೆ ದಿನಕ್ಕೊಂದು ಗದುಗಿನ ಭಾರತದ ಪದ್ಯ ಹಾಕ್ತಾ ಇದ್ದೇನೆ. ಪದ್ಯ, ಅರ್ಥ, ವಿವರಣೆ ಎಲ್ಲ ಒಂದೇ ಕಾರ್ಡಲ್ಲಿ. ದಿನಾ ಹೊಸ ಡಿಸೈನ್ ಮಾಡಿ ಮಾಡಿ ರಾತ್ರಿ ಹನ್ನೊಂದಾಗ್ತದೆ. ವಾರಕ್ಕಾಗುವ ಹಾಗೆ ಟೆಂಪ್ಲೇಟ್ ಹೇಗೆ ಮಾಡುದು, ಯಾವ ಆ್ಯಪ್ ಒಳ್ಳೇದು?"

ನೀವು ಹಾಕಿದ ಕಾರ್ಡ್ ನೋಡಿದ ಕೂಡ್ಲೇ ಬರೀಲಿಕ್ಕೆ ಕೂತೆ. ವಿವರಣೆಯನ್ನು ಚಿತ್ರದ ಒಳಗೆ ತುಂಬಿಸುದು ಈಗಲೇ ನಿಲ್ಲಿಸಿ ಮಾರಾಯ್ರೆ. ನಮ್ಮ ಊರಿನ ಗುಂಪಲ್ಲೂ ಸುರುವಿಗೆ ಹೀಗೇ ಇತ್ತು, ಚಂದವೂ ಕಾಣ್ತಿತ್ತು, ಆದರೆ ವಾರ್ಷಿಕೋತ್ಸವಕ್ಕೆ ಪುಸ್ತಿಕೆ ಮಾಡುವ ಅಂತ ಹೊರಟಾಗ ಅಷ್ಟೂ ಪದ್ಯದ ಅರ್ಥ ಚಿತ್ರದೊಳಗೆ ಸಿಕ್ಕಿಬಿದ್ದಿತ್ತು, ಬೇರೆ ಎಲ್ಲಿಯೂ ಇರ್ಲಿಲ್ಲ. ಪುನಃ ಟೈಪ್ ಮಾಡುವಾಗ ಹೊಸ ತಪ್ಪುಗಳು ಸೇರಿದವು, ಯಾರೋ ಒಬ್ಬರು ತಿದ್ದಿದ್ದು ಯಾವ ಕಾರ್ಡಲ್ಲಿ, ತಿದ್ದದೆ ಬಿಟ್ಟದ್ದು ಯಾವುದರಲ್ಲಿ ಅಂತ ಗೊತ್ತಾಗದೆ ಪುಸ್ತಿಕೆ ಅರ್ಧಕ್ಕೇ ನಿಂತಿತು. ಪಠ್ಯ ಇರಬೇಕಾದ್ದು ಎಕ್ಸೆಲ್ ಅಥವಾ ಗೂಗಲ್ ಶೀಟಲ್ಲಿ, ಕಾರ್ಡ್ ಅಂದ್ರೆ ಅದರಿಂದ ಬರುವ ಪ್ರತಿ ಅಷ್ಟೇ. ಇದೊಂದು ಸರಿ ಆದ್ರೆ ಆ್ಯಪ್ ಯಾವುದಾದ್ರೂ ನಡೀತದೆ.

ಮೇಲೆ ಒಬ್ಬರು "ಕ್ಯಾನ್ವಾ ಪ್ರೊ ತೆಗೊಳ್ಳಿ, ಎಲ್ಲ ಅದೇ ಮಾಡ್ತದೆ" ಹೇಳಿದ್ದಾರೆ. ಅರ್ಧ ಸರಿ. ಅದರಲ್ಲಿ `Bulk create` ಉಂಟು, ಶೀಟ್ ಕೊಟ್ರೆ ಒಂದೇ ಸಲ ವಾರದ ಕಾರ್ಡ್ ಬರ್ತದೆ ಹೌದು. ಆದರೆ ಷಟ್ಪದಿಗೆ ಲೇಔಟ್ ಮೊದಲು ನೀವೇ ಕೂರಿಸದಿದ್ರೆ ಅದು ಐದು ಕೆಟ್ಟ ಕಾರ್ಡನ್ನು ಒಟ್ಟಿಗೆ ಕೊಡ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ವಾರಕ್ಕೆ ಐದೇ ಪದ್ಯದ ಕಾರ್ಡಿಗೆ ದುಡ್ಡು ಕೊಡುದು ನನಗಂತೂ ಒಪ್ಪಿಗೆ ಇಲ್ಲ, ಪೇಜ್ ಡುಪ್ಲಿಕೇಟ್ ಮಾಡಿ ಪೇಸ್ಟ್ ಮಾಡಿದ್ರೆ ಮುಗೀತು. ಕಂಪ್ಯೂಟರ್ ಇದ್ರೆ ಲಿಬ್ರೆ ಆಫೀಸಿನ ಇಂಪ್ರೆಸ್ ಸಾಕು, ನಾನು ಅದರಲ್ಲೇ ಮಾಡುದು.

ಈಗ ಲೇಔಟ್. ಗದುಗಿನ ಭಾರತ ಇರುದು ಭಾಮಿನಿ ಷಟ್ಪದಿಯಲ್ಲಿ, ಅದರ 1, 2, 4, 5ನೇ ಸಾಲಿಗೆ 14 ಮಾತ್ರೆ, 3 ಮತ್ತು 6ಕ್ಕೆ 23. ಅಂದ್ರೆ ಯಾವ ಪದ್ಯ ಬಂದ್ರೂ ಆಕಾರ ಒಂದೇ, ಟೆಂಪ್ಲೇಟಿಗೆ ಇದಕ್ಕಿಂತ ಒಳ್ಳೇ ಛಂದಸ್ಸು ಸಿಗ್ಲಿಕ್ಕಿಲ್ಲ. ನೀವು ಮಾಡಿದ್ದೆಂತ ಅಂದ್ರೆ ಸೆಂಟರ್ ಅಲೈನ್ ಮಾಡಿ, ಉದ್ದ ಸಾಲು ಹಿಡಿಯದಾಗ ಆ ದಿನದ್ದು ಮಾತ್ರ ಅಕ್ಷರ ಸಣ್ಣ ಮಾಡಿದ್ದು. ಹಾಗಾಗಿ ಸೋಮವಾರದ ಕಾರ್ಡೂ ಬುಧವಾರದ್ದೂ ಬೇರೆ ಬೇರೆಯವರು ಮಾಡಿದ ಹಾಗೆ ಕಾಣ್ತದೆ, ಆರು ಸಾಲು ಅಂತಲೂ ಕಣ್ಣಿಗೆ ತಿಳಿಯುದಿಲ್ಲ.

ಎಡಕ್ಕೆ ಅಲೈನ್ ಮಾಡಿ. ಆರು ಸಾಲಿಗೆ ಆರು ಬೇರೆ ಬೇರೆ ಟೆಕ್ಸ್ಟ್ ಬಾಕ್ಸ್ ಇಡಿ, ಮೂರರ ನಂತರ ಸ್ವಲ್ಪ ಜಾಸ್ತಿ ಜಾಗ ಬಿಡಿ. ಕಾರ್ಡಿನ ಅಳತೆ 1080×1350 ಪಿಕ್ಸೆಲ್, ಎರಡೂ ಬದಿ 90 ಬಿಟ್ರೆ ಸಾಲಿಗೆ 900 ಸಿಗ್ತದೆ. ಅಕ್ಷರದ ಸೈಜನ್ನು ಮೊದಲ ಪದ್ಯ ನೋಡಿ ಇಡಬೇಡಿ. ಮಾತ್ರೆ 23ಕ್ಕಿಂತ ಹೆಚ್ಚಾಗದಿದ್ರೂ ಲಘುಗಳೇ ತುಂಬಿದ ಸಾಲಲ್ಲಿ 22 ಅಕ್ಷರದವರೆಗೆ ಬರ್ಬಹುದು, ಗುರು ಜಾಸ್ತಿ ಇದ್ರೆ ಎಷ್ಟೋ ಕಡಿಮೆ. ವಾರದ ಐದೂ ಪದ್ಯದ 3 ಮತ್ತು 6ನೇ ಸಾಲು ಒಂದರ ಕೆಳಗೊಂದು ಹಾಕಿ, ಅತಿ ಉದ್ದದ್ದು ಯಾವುದು ನೋಡಿ, ಅದು ಹಿಡಿಯುವ ಸೈಜನ್ನೇ ಎಲ್ಲದಕ್ಕೂ ಇಡಿ. ನನಗೆ ಅದು 44ಕ್ಕೆ ನಿಂತಿದೆ, ನಿಮ್ಮ ಫಾಂಟಿಗೆ ಹೆಚ್ಚು ಕಡಿಮೆ ಆದೀತು. ಬಾಕ್ಸ್ ಬೇರೆ ಬೇರೆ ಇದ್ರೆ ಒಂದು ಲಾಭ ಉಂಟು, ಸಾಲು ಉದ್ದ ಆಗಿ ಮಡಚಿದ್ರೆ ಕೆಳಗಿನ ಸಾಲಿನ ಮೇಲೆ ಹತ್ತಿ ಕೂತು ತಕ್ಷಣ ಕಾಣ್ತದೆ, ಒಂದೇ ಬಾಕ್ಸಾದ್ರೆ ಏಳು ಸಾಲಿನ ಷಟ್ಪದಿ ಹಾಗೇ ಗುಂಪಿಗೆ ಹೋಗ್ತದೆ.

ಸಾಲಿನಿಂದ ಸಾಲಿಗೆ ಅಂತರ ಅಕ್ಷರದ ಸೈಜಿನ 1.5 ಪಟ್ಟಿಗಿಂತ ಕಡಿಮೆ ಬೇಡ. ಇಂಗ್ಲಿಷ್ ಟೆಂಪ್ಲೇಟ್ ತಂದು ಕನ್ನಡ ತುಂಬಿಸಿದ್ರೆ ಒತ್ತಕ್ಷರದ ಕಾಲು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗ್ತದೆ. "ಲಕ್ಷ್ಮೀ", "ಶಾಸ್ತ್ರ" ಎರಡು ಶಬ್ದ ಮೇಲೆ ಕೆಳಗೆ ಬರೆದು ನೋಡಿ, ಇವು ತಾಗದಿದ್ರೆ ಬೇರೆ ಯಾವುದೂ ತಾಗ್ಲಿಕ್ಕಿಲ್ಲ. ಫಾಂಟ್ ನನ್ನ ಮಟ್ಟಿಗೆ ಪದ್ಯಕ್ಕೆ ನೋಟೋ ಸೆರಿಫ್ ಕನ್ನಡ ಅಥವಾ ತಿರೋ ಕನ್ನಡ. ಬಾಲೂ ತಮ್ಮ ಅನ್ನುವ ಫಾಂಟ್ ದಪ್ಪ ಅಕ್ಷರದ್ದು, ಸರಣಿಯ ಹೆಸರಿಗೆ ಇರ್ಲಿ, ಪದ್ಯಕ್ಕೆ ಬೇಡವೇ ಬೇಡ. ಹಳೇ ನುಡಿ, ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟದ್ದು ಇದ್ರೆ ಯೂನಿಕೋಡಿಗೆ ಬದಲಿಸದೆ ಪೇಸ್ಟ್ ಮಾಡ್ಲೇಬೇಡಿ, ಬರೀ ಚಿಹ್ನೆಗಳ ರಾಶಿ ಬರ್ತದೆ.

ಈಗ ಒಂದು ಪದ್ಯ ಹಿಡಿದು ನೋಡುವ, ಎಲ್ಲರಿಗೂ ಬರುವಂಥ ಮೊದಲನೇದ್ದೇ. ಶೀಟಲ್ಲಿ ಹೀಗೆ ಇರ್ಬೇಕು, w01d1 ಅಂದ್ರೆ ಮೊದಲ ವಾರದ ಮೊದಲ ದಿನ, p1ರಿಂದ p6 ಅಂದ್ರೆ ಆರು ಸಾಲು:

```
id,p1,p2,p3,p4,p5,p6
w01d1,ಶ್ರೀವನಿತೆಯರಸನೆ ವಿಮಲ ರಾ,ಜೀವ ಪೀಠನ ಪಿತನೆ ಜಗಕತಿ,ಪಾವನನೆ ಸನಕಾದಿ ಸಜ್ಜನನಿಕರ ದಾತಾರ,ರಾವಣಾಸುರ ಮಥನ ಶ್ರವಣ ಸು,ಧಾ ವಿನೂತನ ಕಥನ ಕಾರಣ,ಕಾವುದಾನತ ಜನವ ಗದುಗಿನ ವೀರನಾರಯಣ
```

ಒಂದನೇ ಸಾಲಿನ ಕೊನೆಗೆ "ರಾ", ಎರಡನೇದರ ಸುರುವಿಗೆ "ಜೀವ". ನಿಮ್ಮ ಮಂಗಳವಾರದ ಕಾರ್ಡಲ್ಲಿ ಇಂಥದ್ದನ್ನು ಕೂಡಿಸಿ "ರಾಜೀವ" ಅಂತ ಮೇಲಿನ ಸಾಲಿಗೇ ಎಳ್ದಿದ್ದೀರಿ. ಓದುವವರಿಗೆ ಸುಲಭ ಆಗ್ಲಿ ಅಂತ ಮಾಡಿದ್ದಿರ್ಬಹುದು, ಆದ್ರೆ ಪ್ರಾಸ ಹೋಯ್ತು. ಪ್ರತಿ ಸಾಲಿನ ಎರಡನೇ ಅಕ್ಷರ ನೋಡಿ, ಶ್ರೀವ, ಜೀವ, ಪಾವ, ರಾವ, ಧಾವಿ, ಕಾವು, ಎಲ್ಲದರಲ್ಲೂ ವಕಾರ. "ಜೀವ"ವನ್ನು ಮೇಲೆ ಕಳಿಸಿದ್ರೆ ಎರಡನೇ ಸಾಲು "ಪೀಠ"ದಿಂದ ಸುರುವಾಗ್ತದೆ, ಮೇಲಿನ ಸಾಲು 14 ದಾಟ್ತದೆ. ಗಮಕಿಗಳ ಕೈಗೆ ಅದನ್ನು ಕೊಟ್ರೆ ಹಾಡ್ಲಿಕ್ಕೆ ಆಗುದಿಲ್ಲ.

ಇನ್ನೊಂದು ಕಡೆಯ ಸಾಲಿನ "ನಾರಯಣ". ಪ್ರೂಫ್ ನೋಡುವವರು ಯಾರಾದ್ರೂ ಅದನ್ನು "ನಾರಾಯಣ" ಮಾಡಿಯೇ ಮಾಡ್ತಾರೆ, ತಿದ್ದಿದ ಖುಷಿಯಲ್ಲಿ ಇರ್ತಾರೆ. ಕಾವು 3, ದಾನತ 4, ಜನವ 3, ಗದುಗಿನ 4, ವೀರ 3, ನಾರಯ 4, ಕೊನೆಯ ಣ ಗುರು ಲೆಕ್ಕ 2, ಒಟ್ಟು 23. "ರಾ" ಮಾಡಿದ್ರೆ ಒಂದು ಮಾತ್ರೆ ಹೆಚ್ಚು. ಅದಕ್ಕೇ ಶೀಟಲ್ಲಿ p1ರಿಂದ p6ರವರೆಗಿನ ಕಾಲಮ್ಮನ್ನು ಲಾಕ್ ಮಾಡಿ, ಅಚ್ಚಿನ ಪ್ರತಿ ಕೈಯಲ್ಲಿ ಹಿಡಿದವರು ಒಬ್ಬರೇ ತಿದ್ದಬೇಕು. ಯಾವ ಪ್ರತಿ ಅಂತ ಒಂದು ಕಾಲಮ್ ಇರ್ಲಿ, ಪದ್ಯದ ನಂಬ್ರ ಒಂದು ಪ್ರತಿಯಿಂದ ಇನ್ನೊಂದಕ್ಕೆ ಬದಲಾಗ್ತದೆ, ಇಲ್ಲದಿದ್ರೆ ನಾಳೆ ನಂಬ್ರಕ್ಕೇ ಜಗಳ.

ಸುಲಭ ಮಾಡುವ ಕೆಲಸ ಪದ ಬಿಡಿಸಿ ಬರೆಯುವ ಇನ್ನೊಂದು ಕಾಲಮ್ಮಿಗೆ ಬಿಡಿ. ಇಲ್ಲಿ ಸಾಲಿನ ಹಂಗು ಇಲ್ಲದೆ ಬರೀಬಹುದು: ಶ್ರೀವನಿತೆಯ ಅರಸನೆ, ವಿಮಲ ರಾಜೀವಪೀಠನ ಪಿತನೆ, ಜಗಕೆ ಅತಿ ಪಾವನನೆ, ಶ್ರವಣಸುಧಾ, ಕಾವುದು ಆನತ ಜನವ. ಇದು ಎರಡನೇ ಕಾರ್ಡ್. ಇದರಲ್ಲಿ ಕಷ್ಟದ ಮಾತು ನಾಲ್ಕೈದೇ ಇರ್ಲಿ: ರಾಜೀವಪೀಠ ಅಂದ್ರೆ ತಾವರೆಯಲ್ಲಿ ಕೂತ ಬ್ರಹ್ಮ, ಅವನ ಅಪ್ಪ ವಿಷ್ಣು, ಆನತ ಅಂದ್ರೆ ತಲೆಬಾಗಿದ. ನಮ್ಮ ಕಾಸರಗೋಡಲ್ಲಿ ಮಲಯಾಳ ಮೀಡಿಯಮ್ಮಿಗೆ ಹೋಗುವ ಮಕ್ಕಳಿಗೆ ಈ ಬಿಡಿಸಿದ ಕಾರ್ಡೇ ಆಧಾರ, ಮನೆಯಲ್ಲಿ ಕನ್ನಡ ಮಾತಾಡ್ತಾರೆ, ಕೂಡಿಸಿ ಬರೆದದ್ದು ಓದ್ಲಿಕ್ಕೆ ತಡವರಿಸ್ತಾರೆ. ತಾತ್ಪರ್ಯ, ವಿವರಣೆ ಕಾರ್ಡಿನಲ್ಲೇ ಬೇಡ, ಚಿತ್ರದ ಕೆಳಗೆ ಟೆಕ್ಸ್ಟ್ ಆಗಿ ಕಳಿಸಿ. ಹುಡುಕಿದ್ರೆ ಸಿಗ್ತದೆ, ಕಣ್ಣು ಮಂಜಾದವರು ದೊಡ್ಡ ಮಾಡಿ ಓದ್ತಾರೆ, ತಪ್ಪಾದ್ರೆ ಕಾರ್ಡ್ ಪುನಃ ಮಾಡ್ಬೇಕಂತ ಇಲ್ಲ.

ವಾರ ಹೇಗೆ ಕಟ್ಟುದು ಅಂದ್ರೆ, ಅಲ್ಲಿಂದೊಂದು ಇಲ್ಲಿಂದೊಂದು ಪದ್ಯ ಹೆಕ್ಕಬೇಡಿ. ಹಾಗೆ ಹೆಕ್ಕಿದ್ರೆ ಪ್ರತಿದಿನ ಸಂದರ್ಭ ಬರೀಲಿಕ್ಕೇ ನಿಮ್ಮ ರಾತ್ರಿ ಹೋಗುದು. ಒಂದು ಪ್ರಸಂಗದಿಂದ ಸಾಲಾಗಿ ಐದು ಪದ್ಯ ತೆಗೊಳ್ಳಿ. ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನಿಗೆ ಜನ್ಮರಹಸ್ಯ ಹೇಳುವ ಭಾಗ ನಮ್ಮ ಕಡೆ ತಾಳಮದ್ದಳೆ ಕೇಳಿದವರಿಗೆಲ್ಲ ಬಾಯಿಪಾಠ, ಕರ್ಣಭೇದನ ಅಂದ ಕೂಡ್ಲೇ ಸಂದರ್ಭ ಅರ್ಥ ಆಗ್ತದೆ. ಸೋಮವಾರ ಒಂದು ಪ್ಯಾರಾ ಸಂದರ್ಭ, ಮಿಕ್ಕ ದಿನ "ನಿನ್ನೆಯ ಮುಂದುವರಿಕೆ" ಅಂತ ಒಂದು ಸಾಲು ಸಾಕು. ಶನಿವಾರ ಹೊಸ ಪದ್ಯ ಬೇಡ, ಐದನ್ನೂ ಒಟ್ಟಿಗೆ ಯಾರಾದ್ರೂ ಹಾಡಿದ ಆಡಿಯೋ. ಆದಿತ್ಯವಾರ ರಜೆ, ಆ ದಿನ ಮುಂದಿನ ವಾರದ ಶೀಟ್ ತುಂಬಿಸಿ, ಕಾರ್ಡ್ ಒಟ್ಟಿಗೆ ತೆಗೆದಿಡಿ.

ಎಕ್ಸೆಲಲ್ಲಿ ಮಾಡುವವರು ಸೇವ್ ಮಾಡುವಾಗ `CSV UTF-8` ಆರಿಸಿ, ಬರೀ `CSV` ಆದ್ರೆ ಕನ್ನಡ ಎಲ್ಲ ಪ್ರಶ್ನಾರ್ಥಕ ಚಿಹ್ನೆ ಆಗ್ತದೆ. ಗೂಗಲ್ ಶೀಟಿಂದ ಇಳಿಸಿದ್ರೆ ಈ ರಗಳೆ ಇಲ್ಲ. ಫೈಲ್ ಹೆಸರು `w01d1.png` ಹೀಗೆ ಎರಡಂಕಿಯಲ್ಲಿ ಇಡಿ, `w1` ಅಂತ ಇಟ್ರೆ ಎಷ್ಟೋ ಕಡೆ ಹತ್ತನೇ ವಾರ ಎರಡನೇದಕ್ಕಿಂತ ಮೊದಲು ಬಂದು ಕೂರ್ತದೆ.

ಜೈಮಿನಿ ಭಾರತಕ್ಕೂ ಇದೇ ಟೆಂಪ್ಲೇಟ್ ಆಗ್ತದಾ ಅಂತ ಅಕ್ಕ ಒಬ್ಬರು ಕೇಳಿದ್ದಾರೆ. ಆಗುದಿಲ್ಲ ಅಕ್ಕ, ಅದು ವಾರ್ಧಕ, ಸಣ್ಣ ಸಾಲೇ 20 ಮಾತ್ರೆ, ಉದ್ದದ್ದು 32. ಅದಕ್ಕೆ 3 ಮತ್ತು 6ನೇ ಸಾಲನ್ನು ಎರಡಾಗಿ ಮಡಚಿ, ಮಡಚಿದ ತುಂಡನ್ನು ಸ್ವಲ್ಪ ಒಳಗೆ ಸರಿಸಿ ಎಂಟು ಬಾಕ್ಸಿನ ಬೇರೆ ಟೆಂಪ್ಲೇಟ್ ಮಾಡ್ಬೇಕು.

ನಂತರ ನಮ್ಮೂರ ಕವಿಗಳದ್ದು ಮಾಡುವ ಯೋಚನೆ ಉಂಟು ಅಂತ ಬರೆದಿದ್ದೀರಲ್ಲ, ಅದಕ್ಕೆ ಹಕ್ಕಿನ ವಿಷಯ ನೋಡಿಕೊಳ್ಳಿ. ಕವಿ ತೀರಿದ ಮುಂದಿನ ವರ್ಷದಿಂದ 60 ವರ್ಷ ಲೆಕ್ಕ. ಗೋವಿಂದ ಪೈಗಳು ತೀರಿದ್ದು 1963ರಲ್ಲಿ, ಹಾಗಾಗಿ ಅವರು ಇರುವಾಗಲೇ ಅಚ್ಚಾದ ಪದ್ಯಗಳು 2024ರಿಂದ ಮುಕ್ತ. ಕಯ್ಯಾರ ಕಿಞ್ಞಣ್ಣ ರೈಗಳು ತೀರಿದ್ದು 2015ರಲ್ಲಿ, ಅವರದ್ದಕ್ಕೆ ಮನೆಯವರ ಒಪ್ಪಿಗೆ ಬೇಕೇ ಬೇಕು. ಗದುಗಿನ ಭಾರತದ ಪದ್ಯಕ್ಕೆ ಹಕ್ಕಿಲ್ಲ, ಆದರೆ ಇತ್ತೀಚಿನ ಪುಸ್ತಕದ ಗದ್ಯಾನುವಾದವನ್ನು ಹಾಗೇ ಎತ್ತಿ ಹಾಕಿದ್ರೆ ಅದು ಬರೆದವರ ಸೊತ್ತು. ನಿಮ್ಮ ಗುರುವಾರದ ತಾತ್ಪರ್ಯ ಓದುವಾಗ ನನಗೆ ಆ ಸಂಶಯ ಬಂತು, ನಿಮ್ಮದೇ ಮಾತಲ್ಲಿ ಬರೀರಿ.

ಮಾಷ್ಟ್ರು ಮೇಲೆ ಹೇಳಿದ್ದಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಅರ್ಥವನ್ನು ಬೆಳಿಗ್ಗೆಯೇ ಕೊಡಬಾರ್ದು, ಜನ ಪದ್ಯ ಒಮ್ಮೆ ತಾವೇ ಓದಿ ಒದ್ದಾಡ್ಲಿ, ಸಂಜೆ ಕೊಡುವ ಅಂತ ಅವರ ವಾದ. ಗಮಕ ಹೇಳಿಕೊಡುವವರು, ಅವರಿಗೆ ಗೊತ್ತುಂಟು. ಆದರೆ ನಮ್ಮ ಗುಂಪಲ್ಲಿ ಬೆಳಿಗ್ಗೆ ಪದ್ಯ ಮಾತ್ರ ಹಾಕಿದ ದಿನ ಸಂಜೆಯ ಅರ್ಥ ಓದುವವರು ಕಡಿಮೆ ಇದ್ರು, ಎರಡೂ ಒಟ್ಟಿಗೆ ಇದ್ದ ದಿನ ಪ್ರಶ್ನೆ ಕೇಳುವವರು ಕಡಿಮೆ. ನಿಮ್ಮಲ್ಲಿ ಎರಡು ವಾರ ಹೀಗೆ, ಎರಡು ವಾರ ಹಾಗೆ ಮಾಡಿ ನೋಡಿ, ಟೆಂಪ್ಲೇಟ್ ಬದಲಿಸ್ಲಿಕ್ಕಿಲ್ಲ, ಎರಡನೇ ಕಾರ್ಡ್ ಕಳಿಸುವ ಹೊತ್ತು ಮಾತ್ರ.

ಕರ್ಣನ ಭಾಗ ತೆಗೊಳ್ಳುದಾದ್ರೆ ಐದೂ ಪದ್ಯದ ಉದ್ದ ಸಾಲುಗಳನ್ನು ಇಲ್ಲಿ ಹಾಕಿ, ಸೈಜ್ ಹಿಡಿಯುತ್ತಾ ನೋಡಿ ಹೇಳ್ತೇನೆ. ಯಾವ ಪ್ರತಿಯಿಂದ ತೆಗೆದದ್ದು ಅಂತ ಬರೀಲಿಕ್ಕೆ ಮರೀಬೇಡಿ.