ಎಳನೀರು ಸಾಕಾ, ಓಆರ್‌ಎಸ್ ಬೇಕಾ?

ಕಾರವಾರದಿಂದ ಬ್ಯಾಂಕಾಕ್‌ಗೆ ಹೊರಟಿದ್ದೇವೆ. ಅಲ್ಲಿ ಹೊಟ್ಟೆ ಕೆಟ್ಟರೆ ನಮ್ಮೂರಲ್ಲಿ ಮಾಡುವಂತೆ ಎಳನೀರು ಕುಡಿದರೆ ಸಾಕಲ್ವಾ?

ಸಾಲದು, ಓಆರ್‌ಎಸ್ ಪೊಟ್ಟಣ ನಾಲ್ಕಾದರೂ ಬ್ಯಾಗಿನಲ್ಲಿರಲಿ. ಭೇದಿಯಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಎಳನೀರಿನಲ್ಲಿ ಪೊಟ್ಯಾಶಿಯಂ ಜಾಸ್ತಿ, ಬೇಕಾದ ಸೋಡಿಯಂ ಮಾತ್ರ ಕಡಿಮೆ. ಓಆರ್‌ಎಸ್‌ನಲ್ಲಿ ಉಪ್ಪು, ಗ್ಲೂಕೋಸ್ ಎರಡೂ ಅಳತೆಯಲ್ಲಿರುತ್ತವೆ. ಕರುಳು ಇವೆರಡನ್ನೂ ಜೋಡಿಯಾಗಿ ಒಳಗೆಳೆದುಕೊಳ್ಳುತ್ತದೆ, ನೀರು ಅವುಗಳ ಬೆನ್ನಿಗೇ ಹೋಗುತ್ತದೆ.

ದೊಡ್ಡ ಪೊಟ್ಟಣವನ್ನು ಸೀಲ್ ಇರುವ 1 ಲೀಟರ್ ಬಾಟಲಿ ನೀರಿಗೆ ಪೂರ್ತಿ ಹಾಕಿ. ಸುಮ್ನೆ ಒಂದು ಲೋಟದಲ್ಲಿ ಗಟ್ಟಿಯಾಗಿ ಕಲಸಿದರೆ ಭೇದಿ ಇನ್ನೂ ಹೆಚ್ಚಬಹುದು. ಪ್ರತಿ ಸಲ ಭೇದಿಯಾದ ಮೇಲೆ ಒಂದು ಲೋಟ, ಗುಟುಕು ಗುಟುಕಾಗಿ ಕುಡಿಯಿರಿ. 24 ಗಂಟೆ ದಾಟಿದರೆ ಚೆಲ್ಲಿ.

ಭೇದಿ ತಡೆಯುವ ಲೋಪೆರಮೈಡ್ ಮಾತ್ರೆ ದೊಡ್ಡವರಿಗೆ, ಅದೂ ಬಸ್ಸು-ವಿಮಾನದ ದಿನಕ್ಕಷ್ಟೇ. ಜ್ವರ ಅಥವಾ ರಕ್ತ ಇದ್ದರೆ ಅದು ಬೇಡ, ವೈದ್ಯರನ್ನು ಕಾಣಿ.