ಸ್ಕ್ರೀನ್‌ಶಾಟ್ ಮಾತ್ರ ಇದ್ದರೆ ಬಣ್ಣ, ಅಕ್ಷರದ ಗಾತ್ರ ಅಳೆಯುವುದು ಹೇಗೆ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್‌ನ ಮೇಂಟೆನೆನ್ಸ್ ಕಟ್ಟಲು ಚಿಕ್ಕ ಆ್ಯಪ್ ಮಾಡಿದ್ದೇವೆ. ‘ಕೊನೆ ತಾರೀಖು ಕಾಣಿಸಲ್ಲ’ ಅಂತ ಹಿರಿಯರು ದೂರುತ್ತಾರೆ. ಒಬ್ಬರು ವಾಟ್ಸಾಪ್‌ನಲ್ಲಿ ಸ್ಕ್ರೀನ್‌ಶಾಟ್ ಕಳಿಸಿದ್ದಾರೆ, ಲಗತ್ತಿಸಿದ್ದೇನೆ. ಬರೀ ಇದನ್ನು ನೋಡಿ ತಪ್ಪು ಎಲ್ಲಿದೆ ಅಂತ ಹೇಳಬಹುದೇ?
— ಒಬ್ಬ ಓದುಗರು, ಜಯನಗರ, ಬೆಂಗಳೂರು

ಉತ್ತರ: ಬಣ್ಣದ ವಿಷಯ ಹೇಳಬಹುದು, ಗಾತ್ರದ್ದು ಅರ್ಧ ಮಾತ್ರ. ಆದರೆ ಈ ಚಿತ್ರ ಬೇಡ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಬಂದದ್ದು ಕುಗ್ಗಿರುತ್ತದೆ, ಅಕ್ಷರದ ಅಂಚಿನ ಬಣ್ಣಗಳೂ ಕದಡಿರುತ್ತವೆ. ‘ಡಾಕ್ಯುಮೆಂಟ್’ ಆಗಿ ಮೂಲ ಪಿಎನ್‌ಜಿ ತರಿಸಿಕೊಳ್ಳಿ. ಕೆಳಗಿನ ಲೆಕ್ಕ ಅಂಥ ಮೂಲ ಚಿತ್ರ ಕೈಗೆ ಬಂದಾಗ ಮಾಡುವುದು.

ಚಿತ್ರವನ್ನು ಚೆನ್ನಾಗಿ ಜೂಮ್ ಮಾಡಿ, ತಾರೀಖಿನ ಒಂದು ಅಂಕಿಯ ದಪ್ಪ ಗೆರೆಯ ನಡುವೆ ಕಲರ್ ಪಿಕರ್ ಇಡಿ. ಅಂಚಿನಲ್ಲಿ ಇಡಬೇಡಿ. ಅಕ್ಷರ ನಯವಾಗಿ ಕಾಣಲೆಂದು ಫೋನ್ ಅಂಚಿನಲ್ಲಿ ಅಕ್ಷರದ ಬಣ್ಣಕ್ಕೆ ಹಿನ್ನೆಲೆಯನ್ನು ಬೆರೆಸಿರುತ್ತದೆ, ಅಲ್ಲಿ ಎತ್ತಿದರೆ ನಿಜಕ್ಕಿಂತ ತಿಳಿ ಬಣ್ಣ ಸಿಗುತ್ತದೆ. ನಡುವೆ #999999, ಹಿನ್ನೆಲೆ #FFFFFF ಬಂತು ಅಂತಿಟ್ಟುಕೊಳ್ಳಿ. ಯಾವುದೇ ಕಾಂಟ್ರಾಸ್ಟ್ ಚೆಕರ್‌ಗೆ ಹಾಕಿದರೆ 2.85:1 ತೋರಿಸುತ್ತದೆ. ವೆಬ್ ಎಲ್ಲರಿಗೂ ಬಳಸಲು ಆಗುವಂತಿರಲಿ ಎಂದು ಮಾಡಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಎಎ ಹಂತದಲ್ಲಿ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5:1 ಬೇಕು. ಅಂದರೆ ಫೇಲು. ಬಿಳಿ ಮೇಲೆ #767676 (4.54) ಪಾಸು, #777777 (4.48) ಫೇಲು. ‘ಸುಮಾರು 4.5 ತಾನೇ’ ಅಂತ ಮೇಲಕ್ಕೆ ಹೊಂದಿಸಿಕೊಳ್ಳುವ ಹಾಗಿಲ್ಲ. ನಾನಾದರೆ ಗಡಿಯಲ್ಲಿ ನಿಲ್ಲದೆ #595959 ಹಾಕುತ್ತೇನೆ, ಅದು 7:1. ದುಡ್ಡು ಕಟ್ಟುವ ತಾರೀಖು ಮಸುಕಾಗಿ ಇರಬೇಕಾದ ಕಾರಣವೇ ಇಲ್ಲ, ಅಲ್ವಾ?

ದೊಡ್ಡ ಅಕ್ಷರವಾದರೆ 3:1 ಸಾಕು. ವೆಬ್ ಲೆಕ್ಕದಲ್ಲಿ ದೊಡ್ಡದು ಎಂದರೆ 24 ಪಿಕ್ಸೆಲ್, ಬೋಲ್ಡ್ ಇದ್ದರೆ ಸುಮಾರು 18.7. ಆದರೆ ಇದು ಸ್ಕ್ರೀನ್‌ಶಾಟ್‌ನ ಪಿಕ್ಸೆಲ್ ಅಲ್ಲ, ಇಲ್ಲೇ ಜಾಸ್ತಿ ಜನ ಎಡವುವುದು. ಚಿತ್ರದ ಅಗಲ 1080 ಪಿಕ್ಸೆಲ್, ಆ ಫೋನಿನ ಡೆವಲಪರ್ ಆಯ್ಕೆಗಳಲ್ಲಿ ‘ಸ್ಮಾಲೆಸ್ಟ್ ವಿಡ್ತ್’ 360 ಎಂದಿದ್ದರೆ, ಚಿತ್ರದ ಮೂರು ಪಿಕ್ಸೆಲ್ ಸೇರಿ ಒಂದು ಡಿಪಿ, ಅಂದರೆ ವೆಬ್ ಲೆಕ್ಕದ ಒಂದು ಪಿಕ್ಸೆಲ್‌ಗೆ ಹೆಚ್ಚುಕಡಿಮೆ ಸಮ. ಈಗ ಅಂಕಿಯೊಂದರ ಎತ್ತರ ಅಳೆಯಿರಿ. ಕನ್ನಡ ಅಕ್ಷರ ಬೇಡ, ಒತ್ತು, ಗುಣಿತ ಸೇರಿ ಎತ್ತರ ಒಂದೇ ಇರುವುದಿಲ್ಲ. ರೊಬೊಟೊ ಫಾಂಟ್‌ನಲ್ಲಿ 0–9 ಅಂಕಿಗಳ ಎತ್ತರ ಫಾಂಟ್ ಗಾತ್ರದ ಸುಮಾರು 0.71 ಪಾಲು. ಅಳತೆ 26 ಪಿಕ್ಸೆಲ್ ಬಂದರೆ 26 ÷ 0.71 ÷ 3, ಹತ್ತಿರ ಹತ್ತಿರ 12 ಡಿಪಿ. ಆದ್ದರಿಂದ 3:1ರ ರಿಯಾಯಿತಿ ಈ ತಾರೀಖಿಗೆ ಸಿಗುವುದಿಲ್ಲ.

12 ಚಿಕ್ಕದೇ, ಆದರೆ ‘ಇಷ್ಟಕ್ಕಿಂತ ಸಣ್ಣದಿರಬಾರದು’ ಎಂಬ ಸಂಖ್ಯೆ ಆ ಮಾರ್ಗಸೂಚಿಯಲ್ಲಿ ಇಲ್ಲ. ಅದು ಕೇಳುವುದು ಬೇರೆ: ಅಕ್ಷರವನ್ನು 200%ಗೆ ಹಿಗ್ಗಿಸಿದರೂ ಏನೂ ಮರೆಯಾಗಬಾರದು, ಕೆಲಸ ನಿಲ್ಲಬಾರದು. ಒಂದು ಸ್ಕ್ರೀನ್‌ಶಾಟ್ ಇದನ್ನು ಹೇಳಲಾರದು. ಕಳಿಸಿದವರು ಫೋನಿನಲ್ಲಿ ಅಕ್ಷರ ಮೊದಲೇ ದೊಡ್ಡದು ಮಾಡಿಕೊಂಡಿದ್ದರೆ ನಮ್ಮ 12 ಕೂಡ ಸುಳ್ಳಾಗುತ್ತದೆ. ಹಾಗಾಗಿ ಫಾಂಟ್ ಸೈಜ್ ಡಿಫಾಲ್ಟ್‌ನಲ್ಲಿ ಒಂದು, ಕೊನೆಯ ತುದಿಗೆ ಎಳೆದು ಇನ್ನೊಂದು ಚಿತ್ರ ಕೇಳಿ. ಆಂಡ್ರಾಯ್ಡ್ 14ರಿಂದ ಈ ತುದಿ 200% ವರೆಗೆ ಹೋಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ತಾರೀಖು ಒಂಚೂರೂ ಬೆಳೆದಿಲ್ಲ ಅಂದರೆ ಕೋಡ್‌ನಲ್ಲಿ ಗಾತ್ರವನ್ನು ಫೋನಿನ ಫಾಂಟ್ ಸೈಜ್ ಜೊತೆ ಬೆಳೆಯುವ `sp` ಬದಲು, ಹಾಗೆ ಬೆಳೆಯದ `dp`ಯಲ್ಲಿ ಕೊಟ್ಟಿರುವ ಸಾಧ್ಯತೆ ಹೆಚ್ಚು. ಬೆಳೆದು ಕೊನೆಯಲ್ಲಿ ಮೂರು ಚುಕ್ಕಿ ಬಂದಿದ್ದರೆ, ಆ ಸಾಲನ್ನು ಒಂದೇ ಗೆರೆಗೆ ಕಟ್ಟಿಹಾಕಿದ್ದೀರಿ, ಎರಡನೇ ಗೆರೆಗೆ ಇಳಿಯಲು ಬಿಡಿ.