ಅಪ್ಪನ ಸಿಮ್ ಎಲ್ಲಕ್ಕಿಂತ ಕೊನೆಗೆ ನಿಲ್ಲಿಸಿ

ಪ್ರಶ್ನೆ: ನಮ್ಮ ತಂದೆ ಹೋದ ತಿಂಗಳು ತೀರಿಕೊಂಡರು. ಫೋನು, ಇಂಟರ್ನೆಟ್ಟು, ಗ್ಯಾಸು, ಕರೆಂಟು ಎಲ್ಲಾ ಅವರ ಹೆಸರಲ್ಲೇ ಇದೆ. ಅಕೌಂಟಿಂದ ಏನೇನೋ ಕಟ್ ಆಗ್ತಾನೇ ಇದೆ. ಇವನ್ನೆಲ್ಲ ನಿಲ್ಲಿಸೋದು ಹೇಗೆ, ಯಾವ ದಾಖಲೆ ಕೇಳ್ತಾರೆ?

ಎರಡು ವರ್ಷದ ಹಿಂದೆ ನಾನೂ ಇದೇ ಓಡಾಟ ಮಾಡಿದೆ. ಹಾಗಾಗಿ ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಅಪ್ಪನ ಪೋಸ್ಟ್‌ಪೇಯ್ಡ್ ನಂಬರಿಗೆ ಸುಮ್ನೆ ಯಾಕೆ ಬಿಲ್ ಕಟ್ಟಬೇಕು ಅಂತ, ವೈಕುಂಠ ಸಮಾರಾಧನೆ ಮುಗಿದ ವಾರದಲ್ಲೇ ಅದನ್ನು ಬಂದ್ ಮಾಡಿಸಿದೆ. ಆಮೇಲೆ ಮನೆಯ ಬ್ರಾಡ್‌ಬ್ಯಾಂಡ್ ನಿಲ್ಲಿಸಲು ಕಾಲ್ ಸೆಂಟರಿಗೆ ಫೋನ್ ಮಾಡಿದೆ.

"ಸರ್, ರಿಜಿಸ್ಟರ್ಡ್ ನಂಬರಿಗೆ ಒಟಿಪಿ ಕಳಿಸಿದ್ದೀನಿ, ಹೇಳಿ."

"ಆ ನಂಬರ್ ಈಗಿಲ್ಲಮ್ಮ. ನಮ್ಮ ತಂದೆ ತೀರಿಹೋದರು."

"ಅರ್ಥ ಆಯ್ತು ಸರ್. ಆದ್ರೆ ಒಟಿಪಿ ಇಲ್ದೆ ರಿಕ್ವೆಸ್ಟ್ ಓಪನ್ ಆಗಲ್ಲ."

ಕೊನೆಗೆ ಮೋಡೆಮ್ಮನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಅವರ ಆಫೀಸಿಗೆ ಎರಡು ಸಲ ಹೋಗಬೇಕಾಯಿತು. ಅಷ್ಟರಲ್ಲಿ ಇನ್ನೊಂದು ತಿಂಗಳ ಬಿಲ್ ಬಂದಿತ್ತು.

ಆದ್ದರಿಂದ ಸಿಮ್ ಕೊನೆಗಿರಲಿ. ಬಿಲ್ ಜಾಸ್ತಿ ಬರುತ್ತಿದ್ದರೆ ಚಿಕ್ಕ ಪ್ಲಾನಿಗೆ ಇಳಿಸಲು ಕೇಳಿ. ಪ್ರಿಪೇಯ್ಡ್ ಆಗಿದ್ದರೆ ಕಡಿಮೆ ಬೆಲೆಯ ರೀಚಾರ್ಜ್ ಹಾಕಿಸುತ್ತಾ ಇರಿ. 90 ದಿನ ಯಾವ ಬಳಕೆಯೂ ಇಲ್ಲದ ಪ್ರಿಪೇಯ್ಡ್ ನಂಬರನ್ನು ಕಂಪನಿ ನಿಲ್ಲಿಸಬಹುದು. ಮುಂದೆ ಅದೇ ನಂಬರ್ ಬೇರೆ ಯಾರಿಗೋ ಹೋಗುತ್ತದೆ, ಅಪ್ಪನ ಒಟಿಪಿಗಳೂ ಅವರ ಕೈಗೇ ಹೋಗುತ್ತವೆ. ಆದರೆ ಒಂದು ವಿಷಯದಲ್ಲಿ ಹುಷಾರು. ಸಿಮ್ ಕೈಯಲ್ಲಿದೆ, ಪಿನ್ ಗೊತ್ತಿದೆ ಅಂತ ಅಪ್ಪನ ಯುಪಿಐ ಅಥವಾ ಎಟಿಎಂ ಕಾರ್ಡಿನಿಂದ ದುಡ್ಡು ತೆಗೆಯಬೇಡಿ. ಮರಣದ ನಂತರ ಆ ಹಣ ವಾರಸುದಾರರೆಲ್ಲರದ್ದು. ನಾಳೆ ಅಣ್ಣನೋ ತಂಗಿಯೋ ಪ್ರಶ್ನೆ ಎತ್ತಿದರೆ ಉತ್ತರ ಕೊಡಬೇಕಾದವರು ನೀವು.

ಎರಡನೆಯ ಕೆಲಸ, ಏನೇನು ಕಟ್ ಆಗುತ್ತಿದೆ ಅಂತ ಪತ್ತೆ ಮಾಡುವುದು. ಮೂರು ತಿಂಗಳ ಪಾಸ್‌ಬುಕ್ ನೋಡಿದರೆ ಸಾಲದು. ವರ್ಷಕ್ಕೊಮ್ಮೆ ಕಟ್ ಆಗುವವು ಅದರಲ್ಲಿ ಕಾಣಿಸುವುದೇ ಇಲ್ಲ. 13 ತಿಂಗಳ ಸ್ಟೇಟ್‌ಮೆಂಟ್ ತೆಗೆದು, `NACH`, `ACH`, `MANDATE`, `SI`, `AUTOPAY` ಅಂತ ಇರುವ ಸಾಲುಗಳಿಗೆಲ್ಲ ಪೆನ್ಸಿಲ್ ಗುರುತು ಹಾಕಿ. ಅಪ್ಪನಿಗೆ ಕ್ರೆಡಿಟ್ ಕಾರ್ಡ್ ಇದ್ದರೆ ಅದರ ಸ್ಟೇಟ್‌ಮೆಂಟಿಗೂ ಇದನ್ನೇ ಮಾಡಿ.

ಗುರುತು ಹಾಕಿದ್ದನ್ನೆಲ್ಲ ನಿಲ್ಲಿಸಲು ಹೊರಡಬೇಡಿ. ಕೆಲವು ನಿಮಗೆ ದುಡ್ಡು ಬರಬೇಕಾದ ಸಾಲುಗಳು. ಉದಾಹರಣೆಗೆ ಮೇ ಕೊನೆಗೆ 436 ರೂಪಾಯಿ ಹೋಗಿದ್ದರೆ ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. 55 ವರ್ಷದ ಒಳಗಿನವರಿಗೆ ಅದರಲ್ಲಿ 2 ಲಕ್ಷ ರೂಪಾಯಿ ವಿಮೆ ಇರುತ್ತದೆ. 20 ರೂಪಾಯಿ ಹೋಗಿದ್ದರೆ ಅದು ಸುರಕ್ಷಾ ವಿಮೆ. ಇದು 70 ವರ್ಷದವರೆಗೆ, ಅದೂ ಅಪಘಾತಕ್ಕೆ ಮಾತ್ರ. ಬೇರೆ ಜೀವ ವಿಮೆ ಕಂತುಗಳೂ ಹೀಗೇ. ಅವಕ್ಕೆ 'ಕ್ಯಾನ್ಸಲ್ ಮಾಡಿ' ಅಂತ ಬರೆಯಬಾರದು, ಕ್ಲೇಮ್ ಹಾಕಬೇಕು. ಸಾಲದ ಇಎಂಐ ಕಂಡರೆ, ಆ ಸಾಲಕ್ಕೆ ವಿಮೆ ಮಾಡಿಸಿದ್ದರಾ ಅಂತ ಬ್ಯಾಂಕಿನಲ್ಲಿ ಕೇಳಿ. ನೀವು ಕೇಳದೆ ಅವರಾಗಿ ಹೇಳುತ್ತಾರೆ ಅಂತ ಕಾಯಬೇಡಿ.

ಅಪ್ಪನೊಬ್ಬರದೇ ಅಕೌಂಟ್ ಆಗಿದ್ದರೆ, ಮರಣದ ವಿಷಯ ತಿಳಿಸಿದ ಕೂಡಲೇ ಬ್ಯಾಂಕ್ ಅದನ್ನು ತಡೆಹಿಡಿಯುತ್ತದೆ. ಆಟೋಪೇಗಳೂ ಅಲ್ಲಿಗೆ ನಿಲ್ಲುತ್ತವೆ. ನಮ್ಮ ಮನೆಯಲ್ಲಿ ತೊಂದರೆ ಆಗಿದ್ದು ಜಂಟಿ ಖಾತೆಯಲ್ಲಿ. ಅದು ಅಪ್ಪ-ಅಮ್ಮನ 'ಐದರ್ ಆರ್ ಸರ್ವೈವರ್' ಖಾತೆ. ಅಮ್ಮ ಅದನ್ನು ಮುಂದುವರಿಸಿದರು. ಖಾತೆಯಿಂದ ದುಡ್ಡು ಕಟ್ ಮಾಡಿಕೊಳ್ಳಿ ಅಂತ ಅಪ್ಪ ಸಹಿ ಹಾಕಿಕೊಟ್ಟಿದ್ದ ಮ್ಯಾಂಡೇಟೂ ಜೊತೆಗೇ ಮುಂದುವರಿಯಿತು! ತಿಂಗಳ ಐದನೇ ತಾರೀಖು ಬಂದರೆ ದುಡ್ಡು ಹೋಗುವುದೇ. ಅಮ್ಮ ಬ್ರಾಂಚಿಗೆ ಬರೆದುಕೊಟ್ಟ ಮೇಲೆ ನಿಂತಿತು. ಆ ಪತ್ರದಲ್ಲಿ ಕಂಪನಿಯ ಹೆಸರು, ಮೊತ್ತ, ಕಟ್ ಆಗುವ ತಾರೀಖು ಮತ್ತು 20 ಅಕ್ಷರಗಳ `UMRN` ನಂಬರ್ ಬರೆಯಿರಿ. ಪ್ರತಿ `NACH` ಮ್ಯಾಂಡೇಟಿಗೂ ಅಂಥದ್ದೊಂದು ನಂಬರ್ ಇರುತ್ತದೆ. ಸ್ಟೇಟ್‌ಮೆಂಟಿನಲ್ಲಿ ಸಿಗದಿದ್ದರೆ ಬ್ರಾಂಚಿನವರು ತೆಗೆದುಕೊಡುತ್ತಾರೆ. ಪತ್ರದ ಜೆರಾಕ್ಸ್ ಮೇಲೆ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಇನ್ನು ದಾಖಲೆಗಳು. ನನ್ನ ಅನುಭವದಲ್ಲಿ ಲೆಕ್ಕ ಹೀಗಿದೆ: ಬರೀ ನಿಲ್ಲಿಸಬೇಕು ಅಂದರೆ ಕಡಿಮೆ ಕೇಳುತ್ತಾರೆ, ಹೆಸರು ಬದಲಾಯಿಸಬೇಕು ಅಂದರೆ ಜಾಸ್ತಿ, ದುಡ್ಡು ವಾಪಸ್ ಬೇಕು ಅಂದರೆ ಇನ್ನೂ ಜಾಸ್ತಿ.

ನಿಲ್ಲಿಸಲು ಸಾಮಾನ್ಯವಾಗಿ ಮರಣ ಪ್ರಮಾಣಪತ್ರ, ಅಪ್ಪನ ಗುರುತಿನ ಚೀಟಿ, ನಿಮ್ಮದು, ಕೊನೆಯ ಬಿಲ್ ಮತ್ತು ಒಂದು ಪತ್ರ ಸಾಕು. ನೀವು ಅವರ ಮಗ ಅನ್ನುವುದಕ್ಕೆ ರೇಷನ್ ಕಾರ್ಡೋ, ತಂದೆಯ ಹೆಸರಿರುವ ನಿಮ್ಮ ಪ್ಯಾನ್ ಕಾರ್ಡೋ ನಡೆಯುತ್ತದೆ. ಬ್ರಾಡ್‌ಬ್ಯಾಂಡ್ ಆದರೆ ಮೋಡೆಮ್ ವಾಪಸ್ ಕೊಟ್ಟ ರಸೀದಿ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಮೋಡೆಮ್ಮಿನ ದುಡ್ಡು ಬಾಕಿ ಅಂತ ಆಮೇಲೆ ಫೋನ್ ಬರುತ್ತದೆ. ಡಿಟಿಎಚ್‌ಗೆ ಓಡಾಟವೇ ಬೇಡ, ರೀಚಾರ್ಜ್ ನಿಲ್ಲಿಸಿದರೆ ಮುಗಿಯಿತು. ಒಟಿಟಿಗಳಿಗೂ ದಾಖಲೆ ಬೇಡ, ಆದರೆ ಅವರ ಫೋನಿಂದ ಆಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ. ಆಪ್ ಒಳಗೆ ಹೋಗಿ ಕ್ಯಾನ್ಸಲ್ ಮಾಡಬೇಕು. ಪ್ಲೇ ಸ್ಟೋರ್ ಮೂಲಕ ತೆಗೆದುಕೊಂಡಿದ್ದರೆ ಅಲ್ಲಿನ `Subscriptions` ಒಳಗೆ ಇರುತ್ತದೆ.

ಗ್ಯಾಸ್, ಕರೆಂಟು ನಿಲ್ಲಿಸುವವಲ್ಲ, ಹೆಸರು ಬದಲಾಯಿಸುವವು. ಗ್ಯಾಸ್ ಏಜೆನ್ಸಿಯವರು ಕನೆಕ್ಷನ್ ಕೊಟ್ಟಾಗಿನ ಸಬ್‌ಸ್ಕ್ರಿಪ್ಷನ್ ವೋಚರ್, ಮರಣ ಪ್ರಮಾಣಪತ್ರ, ಹೊಸಬರ ಕೆವೈಸಿ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಕೇಳುತ್ತಾರೆ. ಕರೆಂಟಿಗೆ ಮೊದಲು ಮನೆಯ ಖಾತೆ ಬದಲಾಗಿದ್ದರೆ ಕೆಲಸ ಸಲೀಸು. ಅಲ್ಲಿಯವರೆಗೆ ಅಪ್ಪನ ಹೆಸರಿನ ಬಿಲ್ಲನ್ನೇ ಕಟ್ಟುತ್ತಾ ಇರಿ. ಕಟ್ಟದಿದ್ದರೆ ಮಾತ್ರ ಲೈನ್ ಕಟ್ ಮಾಡುತ್ತಾರೆ.

ಕನೆಕ್ಷನ್ನಿಗೆ ಕಟ್ಟಿದ್ದ ಠೇವಣಿ ಅಥವಾ ಬ್ಯಾಂಕ್ ಖಾತೆಯ ಹಣ ವಾಪಸ್ ಪಡೆಯಲು, ನಾಮಿನಿ ಇಲ್ಲದಿದ್ದರೆ, ವಂಶವೃಕ್ಷವೋ ಬದುಕುಳಿದ ಸದಸ್ಯರ ಪ್ರಮಾಣಪತ್ರವೋ ಬೇಕಾಗುತ್ತದೆ. ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಇದರ ಜೊತೆ ರದ್ದು ಮಾಡಿದ ಚೆಕ್ಕು, ಛಾಪಾ ಕಾಗದದ ಮೇಲೆ ಬರೆದ ಪತ್ರವನ್ನೂ ಕೇಳಬಹುದು. ಐನೂರು ರೂಪಾಯಿ ಠೇವಣಿಗೆ ಇಷ್ಟೆಲ್ಲ ಯಾಕೆ ಅಂತ ನಾನು ಒಂದು ಕಡೆ ಬಿಟ್ಟೇಬಿಟ್ಟೆ.

ಎಲ್ಲಕ್ಕಿಂತ ಹೆಚ್ಚು ಅರ್ಜಿ ವಾಪಸ್ ಬರುವುದು ಹೆಸರಿನ ವ್ಯತ್ಯಾಸಕ್ಕೆ. ನಮ್ಮ ಕಡೆ ಇನಿಷಿಯಲ್ಲಿನದೇ ಗೋಳು ಅಲ್ವಾ? ಆಧಾರಿನಲ್ಲಿ ಇನಿಷಿಯಲ್ ಹಿಂದೆ, ಫೋನ್ ಬಿಲ್ಲಿನಲ್ಲಿ ಮುಂದೆ, ಬ್ಯಾಂಕಿನಲ್ಲಿ ಊರ ಹೆಸರೇ ಪೂರ್ತಿ. ಮರಣ ಪ್ರಮಾಣಪತ್ರ ಕೈಗೆ ಬಂದ ದಿನವೇ ಅದರ ಹೆಸರನ್ನು ಆಧಾರ್, ಪಾಸ್‌ಬುಕ್ ಜೊತೆ ಅಕ್ಷರ ಅಕ್ಷರ ಹೋಲಿಸಿ. ಪ್ರಮಾಣಪತ್ರದಲ್ಲೇ ತಪ್ಪಿದ್ದರೆ ನೋಂದಣಿ ಕಚೇರಿಯಲ್ಲಿ ತಿದ್ದಿಸಿ, ಆಮೇಲೆ ಪ್ರತಿಗಳನ್ನು ತೆಗೆಸಿ. ನಾನು ಆರು ಪ್ರತಿ ತೆಗೆಸಿದ್ದೆ, ನಾಲ್ಕು ಖರ್ಚಾಯಿತು. ತಪ್ಪು ಬಿಲ್ಲಿನ ಕಡೆ ಇದ್ದರೆ, ಎರಡೂ ಹೆಸರು ಒಬ್ಬರದೇ ಅಂತ ನೋಟರಿಯಿಂದ ಒಂದು ಅಫಿಡವಿಟ್ ಮಾಡಿಸಿ. ಅದೊಂದನ್ನೇ ಎಲ್ಲ ಕಡೆ ಬಳಸಬಹುದು.

ಬ್ಯಾಂಕಿನ ಕ್ಲೇಮ್ ಹಣ ಬಂದು, ಹೊಸ ಡೆಬಿಟ್ ಯಾವುದೂ ಕಾಣದೆ ಎರಡು ತಿಂಗಳಾದ ಮೇಲೆ ಸಿಮ್ ಅಂಗಡಿಗೆ ಹೋಗಿ. ಪೋಸ್ಟ್‌ಪೇಯ್ಡ್ ಆಗಿದ್ದರೆ ಕೊನೆಯ ಬಿಲ್ ಕಟ್ಟಿ, ಬಾಕಿ ಇಲ್ಲ ಅನ್ನುವ ಮೆಸೇಜು ನಿಮ್ಮ ನಂಬರಿಗೆ ಬರುವ ಹಾಗೆ ಹೇಳಿ. ನಂಬರ್ ಉಳಿಸಿಕೊಳ್ಳುವ ಆಸೆ ಇದ್ದರೆ ನಿಮ್ಮ ಹೆಸರಿಗೂ ಮಾಡಿಸಿಕೊಳ್ಳಬಹುದು. ನಮ್ಮಮ್ಮನಿಗೆ ಆ ಆಸೆ ಇತ್ತು ಅಂತ ನನಗೆ ಗೊತ್ತಾಗಿದ್ದು ಬಂದ್ ಮಾಡಿಸಿದ ಮೇಲೆ.